ಮೊದಲ ಮುದ್ರಣದ ಪುಸ್ತಕಗಳು: ನೀಲಗಿರಿಯ ಗ್ರಂಥಗಳನ್ನು ಚಿತ್ರ ನೋಡಿ ಗುರುತಿಸುವುದು

ಒಂದು ಕೃತಿ ಮೊಟ್ಟಮೊದಲು ಅಚ್ಚಾಗಿ ಮಾರಾಟಕ್ಕೆ ಬಂದಾಗಿನ ಪ್ರತಿಗಳನ್ನು ಮೊದಲ ಮುದ್ರಣದ ಪುಸ್ತಕಗಳೆನ್ನುತ್ತಾರೆ. ಹಳೆಯ ಪುಸ್ತಕಗಳ ಸಂಗ್ರಾಹಕರಿಗೂ ಪಾಠಸಂಪಾದನೆ ಮಾಡುವವರಿಗೂ ಗ್ರಂಥಾಲಯಗಳಿಗೂ ಈ ಪ್ರತಿಗಳು ಬೇಕು. ಇಂದು ಇಂಥ ಪುಸ್ತಕ ಕೈಗೆ ಬರುವ ಮೊದಲು ಅದರ ನಾಲ್ಕಾರು ಫೋಟೊಗಳು ಬರುತ್ತವೆ. ಕೊಳ್ಳುವವರು ತೀರ್ಮಾನ ಮಾಡಬೇಕಾದದ್ದು ಆ ಫೋಟೊಗಳನ್ನು ನೋಡಿಯೇ. ಅದಕ್ಕೆ ಮೂರು ಕಡೆಯ ಸಾಕ್ಷ್ಯ ಬೇಕು: ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯಲ್ಲಿರುವ ಹಕ್ಕುಪುಟ, ರಟ್ಟು ಮತ್ತು ಹೊಲಿಗೆ, ಮೇಲೆ ಹೊದಿಸಿದ ಜಾಕೆಟ್. ಮೂರೂ ಒಂದೇ ಕಾಲವನ್ನು ಹೇಳಿದರೆ ಪ್ರತಿಯನ್ನು ನಂಬಬಹುದು. ಒಂದು ಬೇರೆ ಮಾತಾಡಿದರೂ ಕಾರಣ ಹುಡುಕಬೇಕು.

ಈ ಲೇಖನ ಉದಾಹರಣೆಗಳನ್ನು ಹೆಚ್ಚಾಗಿ ನೀಲಗಿರಿಯಿಂದ ಆಯ್ದುಕೊಂಡಿದೆ. ಊಟಿ, ಕೇತಿ, ನಂಜನಾಡು, ಗೂಡಲೂರಿನ ಸುತ್ತಿನ ಈ ಸೀಮೆಯಷ್ಟು ದಟ್ಟವಾಗಿ ಪುಸ್ತಕಗಳಲ್ಲಿ ದಾಖಲಾದ ಬೆಟ್ಟದ ಸೀಮೆ ದಕ್ಷಿಣ ಭಾರತದಲ್ಲಿ ಮತ್ತೊಂದು ಸಿಗುವುದು ಕಷ್ಟ. 1832ರಲ್ಲಿ ಹೆನ್ರಿ ಹಾರ್ಕ್‌ನೆಸ್ ತೋಡರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಹೊರಡಿಸಿದ ಮೇಲೆ ಸೈನ್ಯಾಧಿಕಾರಿಗಳು, ವೈದ್ಯರು, ಮಿಷನರಿಗಳು, ಕಲೆಕ್ಟರುಗಳು, ಮಾನವಶಾಸ್ತ್ರಜ್ಞರು ಒಬ್ಬರ ಹಿಂದೊಬ್ಬರು ಬರೆದರು. ಈ ಪುಸ್ತಕಗಳಲ್ಲಿ ಬಹಳಷ್ಟು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪಡಿಯಚ್ಚು ಮರುಮುದ್ರಣಗಳಾಗಿ ಮತ್ತೆ ಬಂದವು. ಆದ್ದರಿಂದ ಇಲ್ಲಿ ಮೊದಲ ಮುದ್ರಣಕ್ಕೆ ಎದುರಾಳಿ ಎರಡನೆಯ ಮುದ್ರಣಕ್ಕಿಂತ ಹೆಚ್ಚಾಗಿ ನೂರು ವರ್ಷ ಕಳೆದು ಹುಟ್ಟಿದ ಅದರ ಪಡಿಯಚ್ಚೇ.

ಆವೃತ್ತಿ ಮತ್ತು ಮುದ್ರಣ

ಒಂದೇ ಅಕ್ಷರ ಜೋಡಣೆಯಿಂದ ಎಷ್ಟು ಸಲ ಅಚ್ಚು ಹಾಕಿದರೂ ಅದು ಒಂದೇ ಆವೃತ್ತಿ. ಪ್ರತಿ ಸಲ ಯಂತ್ರಕ್ಕೆ ಏರಿಸಿದಾಗ ಬಂದ ಪ್ರತಿಗಳ ಕಂತು ಒಂದು ಮುದ್ರಣ. ಸಂಗ್ರಾಹಕರು ಕೇಳುವುದು ಮೊದಲ ಆವೃತ್ತಿಯ ಮೊದಲ ಮುದ್ರಣವನ್ನು. ಇಂಗ್ಲಿಷ್ ಪುಸ್ತಕಗಳಲ್ಲಿ ಮೊಳೆ ಜೋಡಿಸಿದ ಪುಟದಿಂದ ಲೋಹದ ಫಲಕ ಎರಕ ಹೊಯ್ದಿಟ್ಟುಕೊಂಡು ವರ್ಷಗಟ್ಟಲೆ ಅದರಿಂದಲೇ ಮುದ್ರಿಸುವ ರೂಢಿಯಿತ್ತು. ಹಾಗಾಗಿ ಅಲ್ಲಿ ಒಂದು ಆವೃತ್ತಿಗೆ ಹಲವು ಮುದ್ರಣಗಳು.

ಕನ್ನಡದ ಸಣ್ಣ ಅಚ್ಚುಕೂಟಗಳ ಪರಿಸ್ಥಿತಿ ಬೇರೆ. ಮೊಳೆಗಳೇ ಕಡಿಮೆ. ಕೆಲವು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ ಮತ್ತೆ ಖಾನೆಗಳಿಗೆ ತುಂಬಿ, ಆಮೇಲೆ ಮುಂದಿನ ಪುಟಗಳನ್ನು ಜೋಡಿಸುತ್ತಿದ್ದರು. ಪುಸ್ತಕ ಮುಗಿಯುವ ಹೊತ್ತಿಗೆ ಅದರ ಮೊದಲ ಪುಟ ಲೋಹದಲ್ಲಿ ಎಲ್ಲಿಯೂ ಉಳಿದಿರುತ್ತಿರಲಿಲ್ಲ. ಆದ್ದರಿಂದ ಆಫ್‌ಸೆಟ್ ಬರುವ ಮೊದಲಿನ ಕನ್ನಡ ಪುಸ್ತಕದ ಎರಡನೆಯ ಮುದ್ರಣ ಸಾಮಾನ್ಯವಾಗಿ ಹೊಸದಾಗಿ ಜೋಡಿಸಿದ್ದು, ಅಂದರೆ ಕಟ್ಟುನಿಟ್ಟಾಗಿ ನೋಡಿದರೆ ಬೇರೆ ಆವೃತ್ತಿ. ಇದರಿಂದ ಗುರುತಿಸುವವರಿಗೆ ಅನುಕೂಲವೇ ಆಗಿದೆ. ಸಾಲು ಒಡೆಯುವ ಜಾಗ, ಪುಟಸಂಖ್ಯೆ, ಅಚ್ಚಿನ ತಪ್ಪು ಎಲ್ಲವೂ ಬದಲಾಗಿರುತ್ತವೆ. ಮೊದಲ ಮುದ್ರಣದ ಕೊನೆಗೆ ಅಂಟಿಸಿದ ಒಪ್ಪೋಲೆ ಎರಡನೆಯದರಲ್ಲಿ ಇರುವುದಿಲ್ಲ, ಅದರಲ್ಲಿ ತಿದ್ದಿದ ಪದಗಳು ಪಠ್ಯದೊಳಗೇ ಸೇರಿರುತ್ತವೆ. ಒಳಪುಟವೊಂದರ ಸ್ಪಷ್ಟ ಫೋಟೊ ಸಿಕ್ಕರೆ, ಗ್ರಂಥಾಲಯದಲ್ಲಿರುವ ಖಚಿತ ಪ್ರತಿಯ ಅದೇ ಪುಟದ ಜೊತೆಗೆ ಸಾಲುಸಾಲಾಗಿ ಹೋಲಿಸಿ ತೀರ್ಮಾನಕ್ಕೆ ಬರಬಹುದು. ಹಕ್ಕುಪುಟ ಹರಿದುಹೋದ ಪ್ರತಿಗೆ ಇದೊಂದೇ ದಾರಿ.

ಹಕ್ಕುಪುಟದ ಸಾಲುಗಳು

ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳಲ್ಲಿ ಇಂದಿನ ಅರ್ಥದ ಹಕ್ಕುಪುಟ ಇಲ್ಲವೆಂದೇ ಹೇಳಬೇಕು. ಶೀರ್ಷಿಕೆ ಪುಟದ ಕೆಳಗೆ ಊರು, ಪ್ರಕಾಶಕ, ವರ್ಷ. ಅದರ ಹಿಂಬದಿಯಲ್ಲಿ ಹೆಚ್ಚೆಂದರೆ ಮುದ್ರಕನ ಹೆಸರು. ಮರುಮುದ್ರಣವಾದರೆ ಶೀರ್ಷಿಕೆ ಪುಟದಲ್ಲೇ ‘ಸೆಕೆಂಡ್ ಎಡಿಷನ್’ ಎಂದು ಹೇಳಿಬಿಡುತ್ತಿದ್ದರು. ಬಾಸೆಲ್ ಮಿಷನ್ನಿನ ಮೆಟ್ಜ್ ನೀಲಗಿರಿಯ ಜನಾಂಗಗಳ ಬಗ್ಗೆ ಬರೆದ ಪುಸ್ತಕ ಇದಕ್ಕೆ ಒಳ್ಳೆಯ ಉದಾಹರಣೆ. 1864ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಪ್ರತಿ ಎರಡನೆಯ, ವಿಸ್ತರಿಸಿದ ಆವೃತ್ತಿ. ಮಂಗಳೂರು, ಬಾಸೆಲ್ ಮಿಷನ್, 1864 ಎಂದು ಮೂರೂ ಹಳೆಯ ಮಾತುಗಳಾದ್ದರಿಂದ ಅದನ್ನೇ ಮೊದಲನೆಯದೆಂದು ಮಾರುವವರಿದ್ದಾರೆ. ವಿಷಯ ಹೆಚ್ಚಿರುವ ಕಾರಣ ಓದುವವರಿಗೆ ಈ ಎರಡನೆಯದೇ ಉಪಯುಕ್ತ ಎಂಬುದು ಬೇರೆ ಮಾತು.

ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ನಿನ ಪ್ರಕಾಶಕರು ಶೀರ್ಷಿಕೆ ಪುಟದ ಹಿಂಬದಿಗೆ ‘ಫಸ್ಟ್ ಪಬ್ಲಿಷ್ಡ್’ ಎಂದು ವರ್ಷ ಹಾಕಿ, ಆಮೇಲಿನ ಪ್ರತಿ ಮುದ್ರಣಕ್ಕೂ ಒಂದೊಂದು ಸಾಲು ಸೇರಿಸುತ್ತ ಹೋದರು. ಆ ಮೊದಲ ಸಾಲು ಒಂದೇ ಇದ್ದು ಕೆಳಗೆ ಮತ್ತೇನೂ ಇಲ್ಲದಿದ್ದರೆ ಮೊದಲ ಮುದ್ರಣ. ‘ರೀಪ್ರಿಂಟೆಡ್’ ಅಥವಾ ‘ಸೆಕೆಂಡ್ ಇಂಪ್ರೆಷನ್’ ಎಂದಿದ್ದರೆ ಅಲ್ಲ. ಹಾಗಾಗಿ ಈ ಪುಟದಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದೇ ಮುಖ್ಯ. ಪುಟದ ಮೇಲರ್ಧ ಮಾತ್ರ ಕಾಣುವ ಫೋಟೊದಿಂದ ಏನೂ ಹೇಳಲಾಗದು. ನಾಲ್ಕು ಅಂಚೂ ಕಾಣುವ ಹಾಗೆ ಮತ್ತೊಂದು ಫೋಟೊ ಕೇಳಬೇಕು. ಕೊಡಲು ಹಿಂಜರಿದರೆ ಅದೇ ಉತ್ತರ.

ಆಮೇಲೆ ಅಂಕಿಗಳ ಸಾಲು ಬಂತು. 10 9 8 7 6 5 4 3 2 1 ಎಂದೋ, 1 3 5 7 9 10 8 6 4 2 ಎಂದೋ ಹಕ್ಕುಪುಟದ ಕೆಳಗೆ ಕಾಣುವ ಸಾಲಿನಲ್ಲಿ ಉಳಿದಿರುವ ಅತ್ಯಂತ ಸಣ್ಣ ಅಂಕಿಯೇ ಮುದ್ರಣದ ಸಂಖ್ಯೆ. ಹೊಸ ಮುದ್ರಣಕ್ಕೆ ಹೊಸ ಸಾಲು ಜೋಡಿಸುವ ಬದಲು ಒಂದು ಅಂಕಿಯನ್ನು ಅಳಿಸಿದರೆ ಸಾಕಾಗಲೆಂದು ಈ ಏರ್ಪಾಡು. 1 ಇದ್ದರೆ ಮೊದಲನೆಯದು, ಉಳಿದವುಗಳಲ್ಲಿ ಅತಿ ಸಣ್ಣದು 3 ಆದರೆ ಮೂರನೆಯದು. ಕೆಲವು ಪ್ರಕಾಶಕರು ‘ಫಸ್ಟ್ ಎಡಿಷನ್’ ಎಂಬ ಮಾತನ್ನು ತೆಗೆಯಲು ಮರೆತು ಅಂಕಿ ಮಾತ್ರ ಅಳಿಸುವುದುಂಟು. ಆಗ ನಂಬಬೇಕಾದದ್ದು ಅಂಕಿಯನ್ನು.

ದೆಹಲಿಯ ಏಷಿಯನ್ ಎಜುಕೇಷನಲ್ ಸರ್ವಿಸಸ್‌ನಂಥ ಸಂಸ್ಥೆಗಳ ಪಡಿಯಚ್ಚುಗಳನ್ನು ನೋಡುವಾಗ ಇದೇ ಎಚ್ಚರ ಇನ್ನಷ್ಟು ಬೇಕು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳಲ್ಲಿ 1968ರಿಂದ ಹೊರತಂದಿತು. ಇದನ್ನು ಯಾರೂ ಮೂಲವೆಂದು ತಪ್ಪು ತಿಳಿಯುವುದಿಲ್ಲ. ಕಷ್ಟ ಕೊಡುವುದು ದೆಹಲಿಯ ಪಡಿಯಚ್ಚು. ಅದರೊಳಗೆ 1894ರ ಪುಟಗಳೇ ಚಿತ್ರವಾಗಿ ಇಳಿದಿವೆ. ಇಂಥ ಪುಸ್ತಕಗಳ ಹಕ್ಕುಪುಟದಲ್ಲಿ ಮೂಲದ ವರ್ಷವನ್ನು ‘ಫಸ್ಟ್ ಪಬ್ಲಿಷ್ಡ್’ ಎಂದು ಒಂದು ಸಾಲಿನಲ್ಲಿ ಹೇಳಿ, ಕೆಳಗಿನ ಸಾಲಿನಲ್ಲಿ ಮರುಮುದ್ರಣದ ವರ್ಷ ಕೊಡುತ್ತಾರೆ. ಪ್ರಕಾಶಕರ ಕಡೆಯಿಂದ ಮೋಸವಿಲ್ಲ. ಮೋಸ ನಡೆಯುವುದು ಮೊದಲ ಸಾಲಿಗೆ ಮಾತ್ರ ಕ್ಯಾಮೆರಾ ಹಿಡಿದಾಗ. ಇದೇ ಪುಟದಲ್ಲಿ 81-206 ಎಂದು ಶುರುವಾಗುವ ಐಎಸ್‌ಬಿಎನ್ ಇದ್ದರೆ ಅದು ಈ ಸಂಸ್ಥೆಯ ಗುರುತು. 81 ಎಂಬುದು ಭಾರತದ ಸಂಖ್ಯೆ.

ಕನ್ನಡ ಪುಸ್ತಕದ ಹಕ್ಕುಪುಟ ಒಂದು ವಿಷಯದಲ್ಲಿ ಲಂಡನ್ನಿನದಕ್ಕಿಂತ ಪ್ರಾಮಾಣಿಕ. ‘ಮೊದಲ ಮುದ್ರಣ’ ಎಂದು ವರ್ಷ ಕೊಟ್ಟು, ಪಕ್ಕದಲ್ಲೇ ‘ಪ್ರತಿಗಳು: 1000’ ಎಂದು ಎಷ್ಟು ಅಚ್ಚಾಯಿತೆಂಬುದನ್ನೂ ಹೇಳುವ ರೂಢಿ ಇಲ್ಲಿದೆ. ಆದರೆ ಇದರದೇ ಒಂದು ಬಲೆಯೂ ಉಂಟು. ಕೃತಿ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ಹೋದಾಗ ಹೊಸಬರು ತಮ್ಮ ಲೆಕ್ಕವನ್ನು ಹೊಸದಾಗಿ ಶುರುಮಾಡಿ ‘ಮೊದಲ ಮುದ್ರಣ’ ಎಂದು ಹಾಕಿಬಿಡುವುದುಂಟು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದು, ಆಮೇಲೆ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದಲೂ ಹಲವು ಸಲ ಅಚ್ಚಾಯಿತು. ಇಂಥ ಕೃತಿಗೆ ‘ಮೊದಲ ಮುದ್ರಣ’ ಎಂಬ ಮಾತನ್ನು ಹುಡುಕುವ ಮೊದಲು ಪ್ರಕಾಶಕರ ಹೆಸರನ್ನು ನೋಡಬೇಕು.

ವರ್ಷವೇ ಇಲ್ಲದ ಕನ್ನಡ ಪುಸ್ತಕಗಳೂ ಬಹಳ. ಆಗ ನೆರವಿಗೆ ಬರುವುದು ಬೆಲೆ ಮತ್ತು ವಿಳಾಸ. ನಯೇಪೈಸೆ 1957ರ ಏಪ್ರಿಲ್ 1ರಂದು ಜಾರಿಗೆ ಬಂತು. ಬೆಲೆ ರೂ. 2-8-0 ಎಂದು ರೂಪಾಯಿ, ಆಣೆ, ಪೈಯಲ್ಲಿದ್ದರೆ ಪುಸ್ತಕ ಅದಕ್ಕೆ ಮುಂಚಿನದು, ಅಥವಾ ಹಳೆಯ ಲೆಕ್ಕ ಇನ್ನೂ ಚಾಲ್ತಿಯಲ್ಲಿದ್ದ ಒಂದೆರಡು ವರ್ಷದ ಒಳಗಿನದು. ಆರಂಕಿಯ ಪಿನ್‌ಕೋಡ್ 1972ರ ಆಗಸ್ಟ್ 15ಕ್ಕೆ ಬಂತು. ‘ಬೆಂಗಳೂರು-18’ ಎಂದಿದ್ದರೆ ಹಳೆಯದಿರಬಹುದು, ‘560 018’ ಎಂದಿದ್ದರೆ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ‘ಕರ್ನಾಟಕ ರಾಜ್ಯ’ ಎಂಬ ಹೆಸರು 1973ರ ನವೆಂಬರಿಗೆ ಮುಂಚೆ ಇರಲಿಲ್ಲ. ಊಟಿ, ಕೂನೂರಿನ ವಿಳಾಸವಿದ್ದರೆ ಮದರಾಸು ರಾಜ್ಯವೋ ತಮಿಳುನಾಡೋ ಎಂಬುದನ್ನು ನೋಡಬೇಕು. ಹೆಸರು ಬದಲಾದದ್ದು 1969ರ ಜನವರಿಯಲ್ಲಿ. ಐಎಸ್‌ಬಿಎನ್ 978ರಿಂದ ಶುರುವಾಗುವ ಹದಿಮೂರು ಅಂಕಿಗಳದ್ದಾದರೆ 2007ರ ಆಚೀಚಿನದು. ಹಕ್ಕುಪುಟದಲ್ಲಿ 1967 ಎಂಬ ವರ್ಷವೂ ಆರಂಕಿಯ ಪಿನ್‌ಕೋಡೂ ಒಟ್ಟಿಗೆ ಇದ್ದರೆ ನಂಬಬೇಕಾದದ್ದು ಪಿನ್‌ಕೋಡನ್ನು. ಹಳೆಯ ಪುಟವನ್ನು ಹಾಗೇ ಮರುಮುದ್ರಿಸುವಾಗ ವಿಳಾಸವನ್ನು ಮಾತ್ರ ಬದಲಿಸಿರುತ್ತಾರೆ.

ರಟ್ಟು ಮತ್ತು ಕಟ್ಟು

ಬರ್ಟನ್ನನ ‘ಗೋವಾ ಅಂಡ್ ದ ಬ್ಲೂ ಮೌಂಟನ್ಸ್’ ಪುಸ್ತಕವನ್ನು ಹತ್ತಿರದಿಂದ ನೋಡಿದರೆ ಕಟ್ಟಿನ ಮಹತ್ವ ತಿಳಿಯುತ್ತದೆ. ಸಿಂಧ್ ಪ್ರಾಂತದಲ್ಲಿದ್ದ ರಿಚರ್ಡ್ ಬರ್ಟನ್ ಕಾಯಿಲೆ ರಜೆಯ ಮೇಲೆ 1847ರಲ್ಲಿ ಗೋವಾ, ಮಲಬಾರಿನ ದಾರಿಯಾಗಿ ಊಟಿಗೆ ಬಂದ. ಆ ಪ್ರವಾಸದ ಪುಸ್ತಕವನ್ನು ಲಂಡನ್ನಿನ ರಿಚರ್ಡ್ ಬೆಂಟ್ಲಿ 1851ರಲ್ಲಿ ಪ್ರಕಟಿಸಿದ. ಊಟಿಯ ಬಗ್ಗೆ ಅವನು ಆಡಿರುವ ಕೊಂಕುಮಾತುಗಳಿಂದಾಗಿ ಓದಲು ಇಂದಿಗೂ ರುಚಿಕರ. ಒಳಗೆ ತೆಳುಬಣ್ಣದ ಕಲ್ಲಚ್ಚಿನ ನಾಲ್ಕು ಚಿತ್ರಗಳು ಮತ್ತು ಮಡಿಸಿದ ಒಂದು ನಕ್ಷೆ ಇವೆ. 1991ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮುದ್ರಣಾಲಯ ಇದನ್ನು ಡೇನ್ ಕೆನಡಿಯವರ ಪ್ರಸ್ತಾವನೆಯೊಂದಿಗೆ ಮರುಮುದ್ರಿಸಿತು. ದೆಹಲಿಯಲ್ಲೂ ಪಡಿಯಚ್ಚಾಗಿದೆ.

ಈಗ ಮಾರಾಟಗಾರರೊಬ್ಬರು ಐದು ಫೋಟೊ ಕಳಿಸಿದ್ದಾರೆ ಎಂದುಕೊಳ್ಳೋಣ. ಒಂದರಲ್ಲಿ ಶೀರ್ಷಿಕೆ ಪುಟ: ಬೆಂಟ್ಲಿಯ ಹೆಸರು, 1851. ಒಂದರಲ್ಲಿ ಕಂದು ಚರ್ಮದ ಬೆನ್ನು, ಮಾರ್ಬಲ್ ಕಾಗದ ಅಂಟಿಸಿದ ರಟ್ಟು. ಇನ್ನುಳಿದವು ಒಳಪುಟಗಳು. ನೋಡಿದೊಡನೆ ಚರ್ಮದ ಕಟ್ಟು ಹಳೆಯದೆಂಬ ಭಾವನೆ ಬರುತ್ತದೆ. ಆದರೆ 1830ರ ಹೊತ್ತಿಗೆ ಇಂಗ್ಲೆಂಡಿನ ಪ್ರಕಾಶಕರು ಪುಸ್ತಕಗಳನ್ನು ತಾವೇ ಬಟ್ಟೆಯ ರಟ್ಟಿನಲ್ಲಿ ಕಟ್ಟಿಸಿ ಮಾರಲು ಆರಂಭಿಸಿದ್ದರು. 1851ರ ಪ್ರವಾಸ ಪುಸ್ತಕಕ್ಕೆ ಸಹಜವಾದದ್ದು ಬಟ್ಟೆಯ ಕಟ್ಟು. ರಟ್ಟಿನ ಮೇಲೆ ಬಣ್ಣವಿಲ್ಲದ ಒತ್ತುಚಿತ್ತಾರ, ಬೆನ್ನಿನ ಮೇಲೆ ಚಿನ್ನದ ಅಕ್ಷರ. ಹಾಗಾದರೆ ಈ ಚರ್ಮ ಆಮೇಲೆ ಯಾರೋ ಕಟ್ಟಿಸಿದ್ದು. ಓದುಗ ತನ್ನ ಮನೆಯ ಕಪಾಟಿಗೆ ಹೊಂದುವ ಹಾಗೆ ಕಟ್ಟಿಸಿರಬಹುದು, ಗ್ರಂಥಾಲಯ ಕಟ್ಟಿಸಿರಬಹುದು. ಪಠ್ಯ ಮೊದಲ ಮುದ್ರಣದ್ದೇ, ಕಟ್ಟು ಮಾತ್ರ ಮೂಲದ್ದಲ್ಲ. ಮಾರಾಟಗಾರರು ಇದನ್ನು ಹೇಳಿದ್ದರೆ ತಕರಾರಿಲ್ಲ. ‘ಮೂಲ ಚರ್ಮದ ಕಟ್ಟು’ ಎಂದು ಬರೆದಿದ್ದರೆ ಅವರಿಗೆ ಪುಸ್ತಕ ಗೊತ್ತಿಲ್ಲ ಎಂದರ್ಥ.

ಮರುಕಟ್ಟಿನಲ್ಲಿ ಏನೇನು ಕಳೆದುಹೋಗಿದೆ ಎಂಬುದು ಮುಂದಿನ ಪ್ರಶ್ನೆ. ಬೈಂಡರು ಹೊಸ ಕಟ್ಟು ಹಾಕುವಾಗ ಅಂಚುಗಳನ್ನು ಕತ್ತರಿಸುತ್ತಾನೆ. ಪುಟದ ಮೇಲಿನ ಶೀರ್ಷಿಕೆಯ ಸಾಲು ಅಂಚಿಗೆ ತೀರ ಹತ್ತಿರ ಬಂದಿದ್ದರೆ ಕತ್ತರಿ ಆಡಿದೆ ಎಂದು ತಿಳಿಯಬೇಕು. ಶೀರ್ಷಿಕೆ ಪುಟಕ್ಕೆ ಮುಂಚೆ ಪುಸ್ತಕದ ಹೆಸರು ಮಾತ್ರ ಇರುವ ಅರೆಶೀರ್ಷಿಕೆ ಪುಟವನ್ನೂ ಕೊನೆಯಲ್ಲಿ ಸೇರಿಸಿದ್ದ ಪ್ರಕಾಶಕರ ಪುಸ್ತಕಪಟ್ಟಿಯನ್ನೂ ಬೈಂಡರು ಬೇಡವೆಂದು ಕಿತ್ತಿರುತ್ತಾನೆ. ಮಡಿಸಿದ ನಕ್ಷೆ ಹರಿದು ಬೀಳುವುದು ಬಹಳ ಸಾಮಾನ್ಯ. ಆದ್ದರಿಂದ ನಾಲ್ಕು ಚಿತ್ರಗಳನ್ನೂ ಬಿಚ್ಚಿದ ನಕ್ಷೆಯನ್ನೂ ಒಂದೊಂದಾಗಿ ಫೋಟೊ ತೆಗೆದು ಕಳಿಸಲು ಕೇಳಬೇಕು. ಶೀರ್ಷಿಕೆ ಪುಟ ಎಷ್ಟೇ ಚೊಕ್ಕವಾಗಿದ್ದರೂ ನಕ್ಷೆ ಇಲ್ಲದ ಪ್ರತಿ ಅಪೂರ್ಣ ಪ್ರತಿಯೇ.

ಪಡಿಯಚ್ಚು ಮತ್ತು ಮೂಲವನ್ನು ಬೇರ್ಪಡಿಸಲು ಕಾಗದದ ಮೇಲೆ ಕೂತ ಅಚ್ಚನ್ನೇ ನೋಡಬೇಕು. ಮೊಳೆ ಅಚ್ಚಿನಲ್ಲಿ ಅಕ್ಷರ ಕಾಗದವನ್ನು ಒತ್ತಿ ಸ್ವಲ್ಪ ಗುಳಿ ಮಾಡಿರುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಇದು ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ ಟಾರ್ಚನ್ನು ಪುಟದ ಮಟ್ಟಕ್ಕೆ ಪಕ್ಕದಲ್ಲಿ ಹಿಡಿದು ತೆಗೆದ ಫೋಟೊದಲ್ಲಿ ಹಿಂಬದಿಯ ಸಾಲುಗಳ ಉಬ್ಬು ನೆರಳಾಗಿ ಬೀಳುತ್ತದೆ. ಆಫ್‌ಸೆಟ್ಟಿನ ಪಡಿಯಚ್ಚು ಸಪಾಟು. ಅದರ ಅಕ್ಷರಗಳು ತುಸು ದಪ್ಪವಾಗಿ, ಸಣ್ಣ ಅಕ್ಷರಗಳ ಹೊಟ್ಟೆ ಮುಚ್ಚಿಕೊಂಡಂತೆ ಕಾಣುತ್ತವೆ. ಇನ್ನೊಂದು ಗುರುತು ತಮಾಷೆಯದು. ಪಡಿಯಚ್ಚಿಗೆ ಬಳಸಿದ ಪ್ರತಿಯ ಮೇಲಿದ್ದ ಗ್ರಂಥಾಲಯದ ಮೊಹರು, ಪೆನ್ಸಿಲ್ ಗೀಟು, ತೇವದ ಕಲೆ ಎಲ್ಲವೂ ಪಠ್ಯದ ಅದೇ ಕಪ್ಪು ಶಾಯಿಯಲ್ಲಿ ಅಚ್ಚಾಗಿ ಬಂದಿರುತ್ತವೆ. ನೇರಳೆ ಶಾಯಿಯ ಮೊಹರಿದ್ದರೆ ಅದು ನಿಜವಾಗಿ ಒತ್ತಿದ್ದು, ಕಪ್ಪು ಮೊಹರಿನ ಬಗ್ಗೆ ಅನುಮಾನವಿರಲಿ.

ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಬರೆದ, ಅಲ್ಲಿನ ಜನಾಂಗಗಳು ಮತ್ತು ಕಲ್ಲುಗೋರಿಗಳ ಕುರಿತ ಪುಸ್ತಕದಲ್ಲಿ ಈ ಪರೀಕ್ಷೆ ಇನ್ನೂ ಸುಲಭ. ಬ್ರೀಕ್ಸ್ 1872ರಲ್ಲಿ ತೀರಿಕೊಂಡ. ಪುಸ್ತಕ ಮರುವರ್ಷ ಲಂಡನ್ನಿನಲ್ಲಿ ಹೊರಬಂತು. ಊಟಿಯ ಬ್ರೀಕ್ಸ್ ಶಾಲೆ ಅವನ ನೆನಪಿನದು. ಮೂಲದ ಫೋಟೊ ಫಲಕಗಳು ಆಟೊಟೈಪ್ ವಿಧಾನದವು. ನೆರಳು ಬೆಳಕುಗಳು ಒಂದರೊಳಗೊಂದು ಕರಗಿರುತ್ತವೆ, ಚುಕ್ಕಿಗಳಿರುವುದಿಲ್ಲ. ಮರುಮುದ್ರಣದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಸುದ್ದಿಪತ್ರಿಕೆಯ ಚಿತ್ರದ ಹಾಗೆ ಚುಕ್ಕಿಗಳ ಜಾಲ ಕಾಣುತ್ತದೆ. ಫಲಕದ ಒಂದು ಮೂಲೆಯನ್ನು ಹತ್ತಿರದಿಂದ ತೆಗೆದ ಒಂದೇ ಒಂದು ಫೋಟೊ ಇಲ್ಲಿ ಹತ್ತು ಸಾಲು ವಿವರಣೆಗಿಂತ ಹೆಚ್ಚು ಹೇಳುತ್ತದೆ. ಆದರೆ ಈ ಚುಕ್ಕಿ ಪರೀಕ್ಷೆ ಎಲ್ಲ ಪುಸ್ತಕಕ್ಕೂ ಸಲ್ಲದು. 1906ರಲ್ಲಿ ಮ್ಯಾಕ್ಮಿಲನ್ ಪ್ರಕಟಿಸಿದ ರಿವರ್ಸನ ‘ದ ತೋಡಾಸ್’ ಬರುವ ಹೊತ್ತಿಗೆ ಚುಕ್ಕಿಯಚ್ಚು ಎಲ್ಲೆಡೆ ಬಳಕೆಗೆ ಬಂದಿತ್ತು. ಆ ಕಾಲದ ಪುಸ್ತಕದಲ್ಲಿ ಮೂಲದಲ್ಲೇ ಚುಕ್ಕಿಯಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ಶೀರ್ಷಿಕೆ ಪುಟ, ಕಾಗದ, ಅಚ್ಚಿನ ಗುಳಿ ಇವನ್ನೇ ನೆಚ್ಚಬೇಕು. ರಿವರ್ಸನ ಪುಸ್ತಕಕ್ಕೆ 1967ರಲ್ಲಿ ಹಾಲೆಂಡಿನಿಂದ, 1986ರಲ್ಲಿ ಜೈಪುರದಿಂದ ಮರುಮುದ್ರಣಗಳಿವೆ. ಜೈಪುರದ್ದು ಎರಡು ಸಂಪುಟ, ಮೂಲ ಒಂದೇ ದಪ್ಪ ಸಂಪುಟ. ಕಪಾಟಿನ ಫೋಟೊ ನೋಡಿದರೂ ಗೊತ್ತಾಗುತ್ತದೆ.

ಕನ್ನಡದಲ್ಲಿ ಕಟ್ಟಿನ ಪ್ರಶ್ನೆ ಬೇರೆ ತರಹದ್ದು. ಒಂದೇ ಮುದ್ರಣದ ಪ್ರತಿಗಳನ್ನು ಸಾದಾ ಪ್ರತಿ ಮತ್ತು ಕ್ಯಾಲಿಕೊ ಪ್ರತಿ ಎಂದು ಎರಡು ಬೆಲೆಗೆ ಮಾರುತ್ತಿದ್ದರು. ಸಾದಾ ಪ್ರತಿಗೆ ಕಾಗದದ ರಟ್ಟು, ಕ್ಯಾಲಿಕೊಗೆ ಬಟ್ಟೆ. ಎರಡರಲ್ಲಿ ಯಾವುದು ‘ಹೆಚ್ಚು ಮೊದಲನೆಯದು’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಬೈಂಡಿಂಗ್ ಖರ್ಚು ಉಳಿಸಲು ಅಚ್ಚಾದ ಹಾಳೆಗಳಲ್ಲಿ ಒಂದಷ್ಟನ್ನು ಮಾತ್ರ ಕಟ್ಟಿಸಿ, ಉಳಿದವನ್ನು ಬೇಡಿಕೆ ಬಂದಾಗ ಕಟ್ಟಿಸುವುದೂ ಇತ್ತು. ಹಾಗಾಗಿ ಒಂದೇ ಮುದ್ರಣದ ಎರಡು ಪ್ರತಿಗಳ ಬಟ್ಟೆಯ ಬಣ್ಣ ಬೇರೆಯಾಗಿದ್ದರೆ ಗಾಬರಿ ಬೇಡ. ಮೊದಲು ಕಟ್ಟಿದ್ದು ಯಾವುದೆಂದು ಬಣ್ಣದಿಂದಷ್ಟೇ ಹೇಳುವುದು ಊಹೆಯಾಗುತ್ತದೆ.

ನೀಲಗಿರಿಯ ಹವೆ ರಟ್ಟುಗಳಿಗೆ ಒಳ್ಳೆಯದಲ್ಲ. ನಂಜನಾಡಿನಂಥ ಎತ್ತರದ ಹಟ್ಟಿಗಳಲ್ಲಿ ಮಳೆಗಾಲದ ಮಂಜು ತಿಂಗಳುಗಟ್ಟಲೆ ಮನೆಯೊಳಗೇ ಇರುತ್ತದೆ. ರಟ್ಟಿಗೆ ಹಚ್ಚಿದ ಅಂಟು ಸಡಿಲಿ ಬಟ್ಟೆ ಗುಳ್ಳೆಯೇಳುತ್ತದೆ, ಬೂಷ್ಟು ಹಿಡಿಯುತ್ತದೆ, ಚಿತ್ರಫಲಕಗಳ ಮೇಲೆ ಕಂದು ಚುಕ್ಕೆ ಬೀಳುತ್ತವೆ. ಗಂಜಿಯ ಆಸೆಗೆ ಹುಳು ಬಟ್ಟೆಯ ಮೇಲ್ಮೈಯನ್ನು ಕೆರೆದು ತಿನ್ನುತ್ತದೆ. ಊಟಿಯಲ್ಲಿ ನೂರು ವರ್ಷ ಇದ್ದದ್ದು ಎಂದು ಹೇಳಲಾದ ಪ್ರತಿಯ ಮೇಲೆ ಇದಾವುದೂ ಇಲ್ಲದೆ ಬಟ್ಟೆ ಹೊಳೆಯುತ್ತಿದ್ದರೆ, ಬೆನ್ನನ್ನು ಹೊಸದಾಗಿ ಹಾಕಿಸಿದ್ದಾರೆಯೇ ಎಂದು ಕೇಳುವುದು ಅಸಭ್ಯತೆಯಲ್ಲ. ಬೆನ್ನಿನ ಬಟ್ಟೆಯೂ ರಟ್ಟಿನ ಬಟ್ಟೆಯೂ ಸೇರುವ ಗೆರೆಯ ಮೇಲೆ ನೇಯ್ಗೆ ಹೊಂದುತ್ತದೆಯೇ ಎಂಬುದನ್ನು ಹತ್ತಿರದ ಫೋಟೊದಲ್ಲಿ ನೋಡಬಹುದು.

ಜಾಕೆಟ್

ಪುಸ್ತಕದ ರಟ್ಟಿಗೆ ಅಂಟದೆ ಸುತ್ತಲೂ ಹೊದಿಸಿ ಎರಡು ಕಡೆಯೂ ಒಳಕ್ಕೆ ಮಡಿಸುವ ಕಾಗದವೇ ಜಾಕೆಟ್. ತಿಳಿದ ಮಟ್ಟಿಗೆ ಅತ್ಯಂತ ಹಳೆಯ ಮುದ್ರಿತ ಹೊದಿಕೆಗಳಲ್ಲಿ ಒಂದು 1829ರದು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪುಸ್ತಕ ಮನೆಗೆ ಬಂದ ಕೂಡಲೇ ಹೊದಿಕೆಯನ್ನು ಎಸೆಯುತ್ತಿದ್ದರು. ಬರ್ಟನ್, ಬ್ರೀಕ್ಸರ ಪುಸ್ತಕಕ್ಕೆ ಜಾಕೆಟ್ ಇಲ್ಲವೆಂದು ಯಾರೂ ಬೆಲೆ ಇಳಿಸುವುದಿಲ್ಲ. 1920ರ ಈಚಿನ ಕಥೆ ಕಾದಂಬರಿಗಳಲ್ಲಿ ಮಾತ್ರ ಜಾಕೆಟ್ಟಿನ ಬೆಲೆಯೇ ಪುಸ್ತಕದ ಬೆಲೆಗಿಂತ ಹಲವು ಪಟ್ಟು ಹೆಚ್ಚಾಗುವುದುಂಟು. ಮೈಸೂರಿನ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಇದಕ್ಕೆ ತಕ್ಕ ನಿದರ್ಶನ. 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಲಂಡನ್ನಿನಲ್ಲಿ ಪ್ರಕಟಿಸಿದ ಈ ಪುಸ್ತಕ ಜಾಕೆಟ್ ಸಹಿತ ಸಿಗುವುದು ತೀರ ಅಪರೂಪ. ನಾರಾಯಣರ ವಿಷಯದಲ್ಲಿ ಇನ್ನೊಂದು ಎಚ್ಚರ: ‘ಮಾಲ್ಗುಡಿ ಡೇಸ್’ ಹೆಸರಿನಲ್ಲಿ ಎರಡು ಪುಸ್ತಕಗಳಿವೆ. 1943ರಲ್ಲಿ ಮೈಸೂರಿನ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಹೊರಡಿಸಿದ್ದು ಒಂದು, 1982ರಲ್ಲಿ ನ್ಯೂಯಾರ್ಕಿನ ವೈಕಿಂಗ್ ಹೊರಡಿಸಿದ್ದು ಇನ್ನೊಂದು. ಕಥೆಗಳ ಆಯ್ಕೆ ಬೇರೆ. 1982ರದೂ ತನ್ನ ಮಟ್ಟಿಗೆ ಮೊದಲ ಮುದ್ರಣವೇ, ಆದರೆ 1943ರ ಪುಸ್ತಕದ್ದಲ್ಲ.

ಜಾಕೆಟ್ಟಿನಲ್ಲಿ ಮೊದಲು ನೋಡಬೇಕಾದದ್ದು ಮುಂದಿನ ಒಳಮಡಿಕೆಯ ಮೂಲೆಗಳನ್ನು. ಬ್ರಿಟಿಷ್ ಪುಸ್ತಕದಲ್ಲಿ ಬೆಲೆ ಸಾಮಾನ್ಯವಾಗಿ ಅಲ್ಲಿ ಕೆಳಗಿನ ಮೂಲೆಯಲ್ಲಿ, ಅಮೆರಿಕದ್ದರಲ್ಲಿ ಮೇಲಿನ ಮೂಲೆಯಲ್ಲಿ ಇರುತ್ತದೆ. ಮಾಲಿ ಪ್ಯಾಂಟರ್-ಡೌನ್ಸ್ ಬರೆದ ‘ಊಟಿ ಪ್ರಿಸರ್ವ್ಡ್’ ಮೊದಲು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದು, 1967ರಲ್ಲಿ ಲಂಡನ್ನಿನಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ನಿಂದಲೂ ನ್ಯೂಯಾರ್ಕಿನಲ್ಲಿ ಫರಾರ್ ಸ್ಟ್ರಾಸ್ ಅಂಡ್ ಜಿರೂವಿನಿಂದಲೂ ಪುಸ್ತಕವಾಯಿತು. ಲಂಡನ್ ಪ್ರತಿಯ ಜಾಕೆಟ್ ಮೇಲಿನ ಬೆಲೆ ಷಿಲಿಂಗಿನಲ್ಲಿರಬೇಕು, ಏಕೆಂದರೆ ಇಂಗ್ಲೆಂಡು ದಶಮಾನ ಹಣಕ್ಕೆ ಬದಲಾದದ್ದು 1971ರ ಫೆಬ್ರವರಿ 15ರಂದು. ಪೌಂಡು ಮತ್ತು ಹೊಸ ಪೆನ್ಸಿನ ಬೆಲೆ ಮಾತ್ರ ಇರುವ ಜಾಕೆಟ್ 1967ರದಾಗಲಾರದು. ಹಿಂಬದಿಯಲ್ಲಿ ಬಾರ್‌ಕೋಡ್ ಇದ್ದರಂತೂ ಅದು ಇನ್ನೂ ಈಚಿನದು. ಹಿಂಬದಿಯ ಜಾಹೀರಾತಿನಲ್ಲಿ ಅದೇ ಲೇಖಕರ ಆಮೇಲಿನ ಪುಸ್ತಕದ ಹೆಸರಿದ್ದರೆ, ಅಥವಾ ಈ ಪುಸ್ತಕದ್ದೇ ಪತ್ರಿಕಾ ವಿಮರ್ಶೆಯ ಸಾಲುಗಳಿದ್ದರೆ ಅದು ಬಹುತೇಕ ನಂತರದ ಮುದ್ರಣದ ಜಾಕೆಟ್. ಪುಸ್ತಕ ಹೊರಬರುವ ಮೊದಲೇ ಅದರ ವಿಮರ್ಶೆ ಬರುವುದು ವಿರಳ. ಪ್ಯಾಂಟರ್-ಡೌನ್ಸ್ ಪುಸ್ತಕದಂತೆ ಪತ್ರಿಕೆಯಲ್ಲಿ ಮೊದಲೇ ಬಂದಿದ್ದ ಬರಹಕ್ಕೆ ಮಾತ್ರ ಈ ನಿಯಮವನ್ನು ಸಡಿಲವಾಗಿ ಅನ್ವಯಿಸಬೇಕು.

ಮೂಲೆ ಕತ್ತರಿಸಿದ್ದರೆ ಬೆಲೆ ಹೋಗಿದೆ. ಉಡುಗೊರೆ ಕೊಡುವವರು ಬೆಲೆ ಕತ್ತರಿಸುವುದು ಹಳೆಯ ಅಭ್ಯಾಸ, ಅದರಲ್ಲಿ ಕೆಡುಕಿಲ್ಲ. ಆದರೆ ಬುಕ್ ಕ್ಲಬ್ಬಿನ ಪ್ರತಿಗಳ ಜಾಕೆಟ್ ಮೇಲೆ ಮೊದಲಿನಿಂದಲೂ ಬೆಲೆ ಇರುವುದಿಲ್ಲ, ಕೆಲವಕ್ಕೆ ಕೆಳಮೂಲೆಯಲ್ಲಿ ‘ಬುಕ್ ಕ್ಲಬ್ ಎಡಿಷನ್’ ಎಂದಿರುತ್ತದೆ. ಆ ಮೂಲೆಯನ್ನೂ ಕತ್ತರಿಸಿಬಿಟ್ಟರೆ ಗುರುತು ಅಳಿದಂತೆ. ಮೇಲಿನ ಮತ್ತು ಕೆಳಗಿನ ಎರಡೂ ಮೂಲೆ ಕತ್ತರಿಸಿದ ಜಾಕೆಟ್ ಕಂಡರೆ ರಟ್ಟಿನ ಹಿಂಬದಿಯ ಕೆಳಮೂಲೆಯ ಫೋಟೊ ಕೇಳಬೇಕು. ಅಮೆರಿಕದ ಕೆಲವು ಕ್ಲಬ್ ಪ್ರತಿಗಳಲ್ಲಿ ಅಲ್ಲಿ ಬಣ್ಣವಿಲ್ಲದ ಸಣ್ಣ ಚುಕ್ಕಿ ಅಥವಾ ಚೌಕದ ಒತ್ತುಗುರುತು ಇರುತ್ತದೆ. ಅದೂ ಪಕ್ಕದ ಬೆಳಕಿನಲ್ಲೇ ಕಾಣುವಂಥದ್ದು.

ಬೇರೆ ಪ್ರತಿಯ ಜಾಕೆಟ್ಟನ್ನು ತಂದು ಹೊದಿಸುವುದೂ ಉಂಟು. ನಾಲ್ಕನೆಯ ಮುದ್ರಣದ ಒಳ್ಳೆಯ ಜಾಕೆಟ್ಟನ್ನು ಮೊದಲ ಮುದ್ರಣದ ಬೆತ್ತಲೆ ಪುಸ್ತಕಕ್ಕೆ ಹಾಕಿದರೆ ಬೆಲೆ ಏರುತ್ತದೆ. ಇದನ್ನು ಬಯಲು ಮಾಡುವುದು ಬಿಸಿಲು. ಜಾಕೆಟ್ಟಿನ ಬೆನ್ನು ಬಣ್ಣಗೆಡದೆ ಗಾಢವಾಗಿದ್ದು, ಅದನ್ನು ತೆಗೆದಾಗ ಒಳಗಿನ ಬಟ್ಟೆಯ ಬೆನ್ನು ಮಾತ್ರ ಮಸುಕಾಗಿದ್ದರೆ ಆ ಪುಸ್ತಕ ಬಹಳ ಕಾಲ ಬೇರೆ ಹೊದಿಕೆಯಲ್ಲೋ ಹೊದಿಕೆಯಿಲ್ಲದೆಯೋ ಇತ್ತು ಎಂದರ್ಥ. ಜಾಕೆಟ್ಟಿನ ಹರಿದ ಭಾಗದ ಕೆಳಗೆ ಬಟ್ಟೆ ಅಷ್ಟೇ ಆಕಾರದಲ್ಲಿ ಮಾಸಿದ್ದರೆ ಎರಡೂ ಒಟ್ಟಿಗೇ ಬಾಳಿವೆ. ಆದ್ದರಿಂದ ಜಾಕೆಟ್ ಹಾಕಿ ಒಂದು, ತೆಗೆದು ಒಂದು ಎಂದು ಬೆನ್ನಿನ ಎರಡು ಫೋಟೊಗಳು ಬೇಕು. ಈಚೆಗೆ ಬಣ್ಣದ ಪ್ರಿಂಟರಿನಲ್ಲಿ ತೆಗೆದ ನಕಲು ಜಾಕೆಟ್ಟುಗಳೂ ಓಡಾಡುತ್ತಿವೆ. ಅವುಗಳ ಕಾಗದದ ಒಳಬದಿ ಬೆಳ್ಳಗೆ ಇರುತ್ತದೆ. ಹಳೆಯದರ ಒಳಬದಿ ಮಡಿಕೆಯ ಗೆರೆಗಳುದ್ದಕ್ಕೂ ಕಂದಿರುತ್ತದೆ.

ಫೋಟೊಗಳ ಮಿತಿ

ಫೋಟೊ ಸುಳ್ಳು ಹೇಳುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ: ಎರಡು ಪ್ರತಿಗಳ ಫೋಟೊಗಳನ್ನು ಒಂದರದ್ದೆಂದು ಸೇರಿಸಿರುತ್ತಾರೆ. ಶೀರ್ಷಿಕೆ ಪುಟದ ಮೇಲಿನ ಕಲೆ ಎದುರಿನ ಪುಟಕ್ಕೂ ಒಂದಿಷ್ಟು ಇಳಿದಿದೆಯೇ, ಹುಳು ಕೊರೆದ ತೂತು ಮುಂದಿನ ಪುಟಗಳಲ್ಲೂ ಅದೇ ಜಾಗದಲ್ಲಿ ಮುಂದುವರಿದಿದೆಯೇ ಎಂದು ನೋಡಿದರೆ ಇದು ಹೊರಬೀಳುತ್ತದೆ. ಶೀರ್ಷಿಕೆ ಪುಟವನ್ನು ಬೇರೆ ಪ್ರತಿಯಿಂದ ತಂದು ಅಂಟಿಸಿದ್ದರೂ ತೂತು ಅಲ್ಲಿಗೇ ನಿಲ್ಲುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಇದ್ದರೆ ಗ್ರಂಥಾಲಯದ ಸೂಚಿಯಲ್ಲಿರುವ ಎತ್ತರದೊಂದಿಗೆ ತಾಳೆ ನೋಡಬಹುದು. ಪಡಿಯಚ್ಚುಗಳು ಕೆಲವೊಮ್ಮೆ ಮೂಲಕ್ಕಿಂತ ಚಿಕ್ಕವು. ಕಾಗದದ ವಾಸನೆ, ಹಾಳೆಯ ಗಡಸು, ಹೊಲಿಗೆಯ ಬಿಗಿ ಇವು ಮಾತ್ರ ಫೋಟೊಗೆ ಸಿಗುವುದಿಲ್ಲ. ಬೆಲೆ ದೊಡ್ಡದಿದ್ದರೆ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬಾರದು. 1859ರಲ್ಲಿ ಸ್ಥಾಪನೆಯಾದ ಊಟಿಯ ನೀಲಗಿರಿ ಗ್ರಂಥಾಲಯದಂಥ ಹಳೆಯ ಸಂಗ್ರಹದಲ್ಲಿ ಖಚಿತ ಪ್ರತಿಯಿದ್ದರೆ, ಅನುಮತಿ ಪಡೆದು ಪಕ್ಕದಲ್ಲಿಟ್ಟು ಹೋಲಿಸುವುದು ಎಲ್ಲಕ್ಕಿಂತ ಮೇಲು.

ಬೆಲೆಬಾಳುವ ದೊಡ್ಡ ಗ್ರಂಥಗಳಿಗೆ ಇಷ್ಟೆಲ್ಲ ಪರೀಕ್ಷೆ ನಡೆಯುತ್ತದೆ. ಸಣ್ಣ ಪುಸ್ತಿಕೆಗಳನ್ನು ಯಾರೂ ಕೇಳುವುದಿಲ್ಲ. ಬಡಗ ನುಡಿಯಲ್ಲಿ ಕನ್ನಡ ಲಿಪಿಯಲ್ಲಿ 1890ರಲ್ಲಿ ಬಂದ ಲೂಕನ ಸುವಾರ್ತೆಯಂಥವು ಜಾಕೆಟ್ಟಾಗಲಿ ಚಿನ್ನದ ಅಕ್ಷರವಾಗಲಿ ಇಲ್ಲದ ತೆಳುಪುಸ್ತಕಗಳು. ಅವುಗಳ ಗುರುತೆಲ್ಲ ಶೀರ್ಷಿಕೆ ಪುಟ ಒಂದರಲ್ಲೇ ಇದೆ. ಆ ಹಾಳೆ ಮೇಲಿನದಾದ್ದರಿಂದ ಮೊದಲು ಹರಿಯುವುದೂ ಅದೇ. ನೀಲಗಿರಿಯ ಹಟ್ಟಿಗಳಲ್ಲಾಗಲಿ ಗಡಿಯ ಈಚೆಗಾಗಲಿ ಹಳೆಯ ಪುಸ್ತಕ ಇಟ್ಟುಕೊಂಡಿರುವವರು ಅದನ್ನು ಬೈಂಡಿಂಗಿಗೆ ಕೊಡುವ ಮೊದಲು ಶೀರ್ಷಿಕೆ ಪುಟ, ಅದರ ಹಿಂಬದಿ, ಬೆನ್ನು, ಕೊನೆಯ ಪುಟ ಇಷ್ಟರ ಫೋಟೊ ತೆಗೆದಿಟ್ಟುಕೊಳ್ಳಲಿ. ಬೈಂಡರಿಗೆ ಅಂಚು ಕತ್ತರಿಸಬೇಡವೆಂದು ಹೇಳಲಿ, ಹಳೆಯ ರಟ್ಟನ್ನೂ ಕಿತ್ತ ಹಾಳೆಗಳನ್ನೂ ಕೇಳಿ ವಾಪಸು ಪಡೆಯಲಿ.